ತಂತ್ರಾಂಶದ ಫಲಿತಾಂಶಕ್ಕೆ ಅಡಿಬರಹ ಬರೆಯುವುದು ಹೇಗೆ?



ಲಿಂಕ್ಡ್‌ಇನ್ ಎಂಬ ಉದ್ಯೋಗ ಜಾಲತಾಣವನ್ನು ನಿಮ್ಮಲ್ಲಿ ಅನೇಕರು ಬಳಸುತ್ತಿರಬಹುದು. 2003ರಲ್ಲಿ ಆರಂಭವಾದ ಈ ತಾಣದಲ್ಲಿ ಈಗ ಒಂದು ಬಗೆಯ ಬರಹ ಹೇರಳವಾಗಿ ಕಾಣಸಿಗುತ್ತದೆ. ವ್ಯಾಪಾರಕ್ಕೆ ಬೇಕಾದ ತಂತ್ರಾಂಶವನ್ನು ತಯಾರಿಸುವ ಸಂಸ್ಥೆಯೊಂದು ತನ್ನ ಗ್ರಾಹಕರಲ್ಲಿ ಒಬ್ಬರನ್ನು ಆರಿಸಿಕೊಂಡು, ತಂತ್ರಾಂಶ ಬರುವ ಮೊದಲು ಅವರ ಕೆಲಸ ಹೇಗಿತ್ತು, ಬಂದ ಮೇಲೆ ಏನಾಯಿತು ಎಂಬುದನ್ನು ಒಂದು ಚಿತ್ರದೊಡನೆ ಪ್ರಕಟಿಸುತ್ತದೆ. ಇದಕ್ಕೆ ಕೇಸ್ ಸ್ಟಡಿ ಎನ್ನುತ್ತಾರೆ. ಚಿತ್ರದ ಜೊತೆಗೆ ಬರುವ ಹತ್ತು ಹನ್ನೆರಡು ಸಾಲುಗಳ ಮಾತೇ ಅಡಿಬರಹ. 3000 ಅಕ್ಷರಗಳವರೆಗೆ ಬರೆಯಲು ಅಲ್ಲಿ ಅವಕಾಶವಿದ್ದರೂ, ಓದುಗನ ಕಣ್ಣಿಗೆ ಮೊದಲು ಬೀಳುವುದು ಎರಡು ಮೂರು ಸಾಲು ಮಾತ್ರ. ಉಳಿದದ್ದನ್ನು ಅವನು ಒತ್ತಿ ತೆರೆಯಬೇಕು. ಆದ್ದರಿಂದ ಎಲ್ಲರೂ ತಮ್ಮ ಬಳಿ ಇರುವ ದೊಡ್ಡ ಅಂಕಿಯನ್ನು ಮೊದಲ ಸಾಲಿನಲ್ಲೇ ಇಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಯೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಹೆಚ್.ಡಿ.ಕೋಟೆಗಳಂತಹ ಊರುಗಳಲ್ಲಿಯೂ ಈಗ ಅಕ್ಕಿ ಗಿರಣಿಗಳಿಗೆ, ಶುಂಠಿ ಮಂಡಿಗಳಿಗೆ, ಗೊಬ್ಬರದ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶವನ್ನು ಹಾಕಿಕೊಡುವ ಚಿಕ್ಕ ಚಿಕ್ಕ ತಂಡಗಳಿರುತ್ತವೆ. ಕಾಲೇಜು ಮುಗಿಸಿದ ನೀವು ಅಂತಹ ತಂಡವನ್ನು ಸೇರಿದರೆ, ಬಹುಶಃ ಮೊದಲ ತಿಂಗಳಲ್ಲೇ ಈ ಅಡಿಬರಹದ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. "ನಿನಗೆ ಬರವಣಿಗೆ ಬರುತ್ತದಲ್ಲ, ನೀನೇ ಬರೆ" ಎನ್ನುತ್ತಾರೆ. ಇದರಲ್ಲಿ ಬರವಣಿಗೆಯ ಪಾಲು ಕಡಿಮೆ. ಅಂಕಿಯನ್ನು ಹುಟ್ಟಿಸುವುದು ಹೇಗೆ, ಗ್ರಾಹಕರ ಒಪ್ಪಿಗೆ ಎಂದರೆ ಯಾವುದಕ್ಕೆ ಒಪ್ಪಿಗೆ ಎಂಬ ಎರಡು ಸಂಗತಿಗಳೇ ಇದರ ಮುಖ್ಯ ಭಾಗ. ಅವೆರಡನ್ನೂ ಇಲ್ಲಿ ನೋಡೋಣ.

ನಮ್ಮದೇ ರಾಜ್ಯದ ಒಂದು ಉದಾಹರಣೆ

ಒಂದೇ ತಂತ್ರಾಂಶದ ಫಲಿತಾಂಶವನ್ನು ಎಷ್ಟು ಬಗೆಯಾಗಿ ಹೇಳಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಎ.ಪಿ.ಎಂ.ಸಿ. ಮಾರುಕಟ್ಟೆಗಳನ್ನೇ ತೆಗೆದುಕೊಳ್ಳಿ. 2014ರಲ್ಲಿ ಕರ್ನಾಟಕ ಸರ್ಕಾರವೂ ಎನ್.ಸಿ.ಡಿ.ಇ.ಎಕ್ಸ್. ಸ್ಪಾಟ್ ಎಕ್ಸ್‌ಚೇಂಜ್ ಸಂಸ್ಥೆಯೂ ಸಮಪಾಲಿನಲ್ಲಿ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಕಂಪನಿಯನ್ನು ಕಟ್ಟಿದವು. ಈ ಕಂಪನಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ತಂತ್ರಾಂಶ ವ್ಯವಸ್ಥೆಯನ್ನು ಒಂದೊಂದಾಗಿ ಮಾರುಕಟ್ಟೆಗಳಿಗೆ ಅಳವಡಿಸಿತು. ರೈತನ ಮಾಲು ಗೇಟಿನಲ್ಲಿ ಬಂದೊಡನೆ ಅದಕ್ಕೊಂದು ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವ ಬದಲು ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಹೆಚ್ಚು ದರ ಕೂಗಿದವರು ಯಾರೆಂಬುದನ್ನು ತಂತ್ರಾಂಶವೇ ಹೇಳುತ್ತದೆ. ಬೇರೆ ಊರಿನ ವರ್ತಕರೂ ಒಂದೇ ಪರವಾನಗಿಯ ಮೇಲೆ ಇಲ್ಲಿನ ಮಾಲಿಗೆ ದರ ಹಾಕಬಹುದು ಎಂಬುದು ಇದರ ಮುಖ್ಯ ಆಶಯ.

ಇದರ ಫಲವೇನು? ನೀತಿ ಆಯೋಗದ ಬರಹವೊಂದು, 2013-14ಕ್ಕೆ ಹೋಲಿಸಿದರೆ 2015-16ರಲ್ಲಿ ಈ ಮಾರುಕಟ್ಟೆಗಳಲ್ಲಿ ಬೆಲೆಗಳು ಸರಾಸರಿ ಶೇ. 38ರಷ್ಟು ಏರಿದ್ದವು ಎಂದಿತು. ಅದೇ ಬರಹದಲ್ಲಿ ಇನ್ನೊಂದು ಅಂಕಿಯೂ ಇತ್ತು. ಸಾಮಾನ್ಯ ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಉಳಿಯುವುದು ಶೇ. 13. ಸಭೆ ಸಮಾರಂಭಗಳಲ್ಲಿ, ಪತ್ರಿಕೆಗಳ ತಲೆಬರಹಗಳಲ್ಲಿ ಓಡಾಡಿದ್ದು 38 ಮಾತ್ರ. ಹಾಗೆ ಓಡಾಡುವಾಗ "ಬೆಲೆ" ಎಂಬ ಪದ ಹಲವು ಕಡೆ "ರೈತರ ಆದಾಯ" ಎಂದು ಬದಲಾಯಿತು. ಬೆಲೆ ಏರಿದ ಮಾತ್ರಕ್ಕೆ ಆದಾಯ ಅಷ್ಟೇ ಏರುವುದಿಲ್ಲ. ಆ ವರ್ಷ ಬೆಳೆ ಎಷ್ಟು ಬಂತು, ಖರ್ಚು ಎಷ್ಟಾಯಿತು ಎಂಬುದೂ ಲೆಕ್ಕಕ್ಕೆ ಬರಬೇಕು. ಒಂದು ಪದ ಬದಲಾದರೆ ಇಡೀ ಹೇಳಿಕೆಯೇ ಬೇರೆಯಾಗುತ್ತದೆ ಎಂಬುದನ್ನು ಗಮನಿಸಿ.

ಮುಂದೆ 2020ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ ಎಂಬ ನಾಲ್ವರು ಇದನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು. ಅವರು ಕೇಳಿದ ಪ್ರಶ್ನೆಯೇ ಬೇರೆ. "ಮೊದಲಿಗಿಂತ ಬೆಲೆ ಎಷ್ಟು ಏರಿತು?" ಎಂದು ಕೇಳದೆ, "ಈ ವೇದಿಕೆ ಇಲ್ಲದ ಮಾರುಕಟ್ಟೆಗಳಲ್ಲಿ ಆದ ಏರಿಕೆಗಿಂತ ಇಲ್ಲಿ ಎಷ್ಟು ಹೆಚ್ಚು ಏರಿತು?" ಎಂದು ಕೇಳಿದರು. ಉತ್ತರ ಹೀಗೆ ಬಂತು: ಭತ್ತಕ್ಕೆ ಶೇ. 5.1, ನೆಲಗಡಲೆಗೆ ಶೇ. 3.6, ಮೆಕ್ಕೆಜೋಳಕ್ಕೆ ಶೇ. 3.5. ಹತ್ತಿ, ಹೆಸರು, ತೊಗರಿ ಈ ಮೂರಕ್ಕೆ ಗಣನೀಯ ಪರಿಣಾಮ ಕಾಣಲಿಲ್ಲ.

ಶೇ. 38, ಶೇ. 13, ಶೇ. 5 ಈ ಮೂರರಲ್ಲಿ ಸುಳ್ಳು ಯಾವುದೂ ಅಲ್ಲ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಆದರೆ "ನಮ್ಮ ತಂತ್ರಾಂಶದಿಂದ" ಎಂಬ ಮಾತನ್ನು ಹಿಂದೆ ಸೇರಿಸಿದ ಕೂಡಲೇ, ಆ ಮಾತಿಗೆ ಹೊಂದುವುದು ಕೊನೆಯದು ಮಾತ್ರ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ನಾಲ್ವರಲ್ಲಿ ಮನೋಜ್ ರಾಜನ್ ಅವರು ಈ ವೇದಿಕೆಯನ್ನು ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥರೇ ಆಗಿದ್ದವರು. ತಮ್ಮದೇ ವ್ಯವಸ್ಥೆಯ ಬಗ್ಗೆ ಚಿಕ್ಕ ಅಂಕಿಗೂ, "ಮೂರು ಬೆಳೆಗಳಲ್ಲಿ ಏನೂ ಕಾಣಲಿಲ್ಲ" ಎಂಬ ಮಾತಿಗೂ ಅವರ ಹೆಸರಿದೆ. ನನ್ನ ಅಭಿಪ್ರಾಯದಲ್ಲಿ ಆ ಶೇ. 5.1 ಎಂಬ ಅಂಕಿ ಶೇ. 38ಕ್ಕಿಂತ ಹೆಚ್ಚು ತೂಕದ್ದು. ಯಾರು ಬಂದು ಜಗ್ಗಿದರೂ ಅದು ನಿಲ್ಲುತ್ತದೆ.

ಗಿರಣಿಯ ಲೆಕ್ಕ

ಈಗ ನಮ್ಮ ಮಟ್ಟಕ್ಕೆ ಇಳಿಯೋಣ. ಕೆ.ಆರ್.ನಗರ ನಾಲೆಯ ನೀರಿನ ಭತ್ತದ ಸೀಮೆ. ಅಲ್ಲಿನ ಒಂದು ಅಕ್ಕಿ ಗಿರಣಿಗೆ ನಿಮ್ಮ ತಂಡ ತಂತ್ರಾಂಶ ಹಾಕಿಕೊಟ್ಟಿದೆ ಎಂದು ಊಹಿಸಿಕೊಳ್ಳಿ. ಇಲ್ಲಿಂದ ಮುಂದೆ ಬರುವ ಅಂಕಿಗಳೆಲ್ಲ ಲೆಕ್ಕ ಕಲಿಯುವುದಕ್ಕೆಂದು ನಾವೇ ಇಟ್ಟುಕೊಂಡವು.

ಗಿರಣಿಯಲ್ಲಿ ಕೆಲಸ ನಡೆಯುವ ಕ್ರಮ ಇದು. ಭತ್ತ ತುಂಬಿದ ಟ್ರ್ಯಾಕ್ಟರು ಗೇಟಿಗೆ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಸರದಿ ಬಂದಾಗ ವೇಬ್ರಿಡ್ಜ್ ಮೇಲೆ ಹತ್ತಿ ತುಂಬಿದ ತೂಕ ಕೊಡುತ್ತದೆ. ತೇವಾಂಶ ನೋಡುತ್ತಾರೆ. ಮೂಟೆ ಇಳಿಸುತ್ತಾರೆ. ಖಾಲಿ ಗಾಡಿ ಮತ್ತೆ ತೂಕಕ್ಕೆ ಹತ್ತುತ್ತದೆ. ಎರಡು ತೂಕಗಳ ವ್ಯತ್ಯಾಸವೇ ಭತ್ತದ ತೂಕ. ಮೊದಲು ಆ ತೂಕದ ಚೀಟಿಯನ್ನು ಹಿಡಿದುಕೊಂಡು ರೈತ ಆಫೀಸಿಗೆ ಹೋಗಬೇಕಿತ್ತು. ಅಲ್ಲಿ ಗುಮಾಸ್ತರು ಅದನ್ನು ಲೆಡ್ಜರಿಗೆ ಏರಿಸಿ, ತೇವಾಂಶದ ಕಡಿತ ಲೆಕ್ಕ ಹಾಕಿ, ಕೈಬರಹದ ಬಿಲ್ಲು ಕೊಡುತ್ತಿದ್ದರು. ಈಗ ವೇಬ್ರಿಡ್ಜಿನ ತೂಕ ನೇರವಾಗಿ ತಂತ್ರಾಂಶಕ್ಕೆ ಬಂದು ಬಿಲ್ಲು ಅಚ್ಚಾಗಿ ಹೊರಬರುತ್ತದೆ.

ನೀವು ಗೇಟಿನ ಪುಸ್ತಕವನ್ನು ತೆಗೆದು ನೋಡುತ್ತೀರಿ. ತಂತ್ರಾಂಶ ಬರುವ ಮೊದಲು, ಡಿಸೆಂಬರಿನಲ್ಲಿ, ಒಂದು ಗಾಡಿ ಗೇಟಿಗೆ ಬಂದು ಬಿಲ್ಲು ಪಡೆದು ಹೊರಡಲು ಸರಾಸರಿ 140 ನಿಮಿಷ ಹಿಡಿಯುತ್ತಿತ್ತು. ತಂತ್ರಾಂಶ ಬಂದ ಮೇಲೆ, ಮಾರ್ಚಿನಲ್ಲಿ, 56 ನಿಮಿಷ. 84 ನಿಮಿಷ ಉಳಿತಾಯ, ಅಂದರೆ ಶೇ. 60. ಎಷ್ಟು ಸೊಗಸಾದ ಅಂಕಿ! ಮೊದಲ ಸಾಲಿಗೆ ಹೇಳಿ ಮಾಡಿಸಿದಂತಿದೆ.

ಆದರೆ ಸ್ವಲ್ಪ ತಡೆಯಿರಿ. ಡಿಸೆಂಬರ್ ಸುಗ್ಗಿಯ ಕಾಲ. ದಿನಕ್ಕೆ 30 ಗಾಡಿ ಬರುತ್ತವೆ. ಮಾರ್ಚಿನಲ್ಲಿ 8 ಗಾಡಿ ಬಂದರೆ ಹೆಚ್ಚು. ಆ 140 ನಿಮಿಷಗಳಲ್ಲಿ ಬಹುಪಾಲು ಸಾಲಿನಲ್ಲಿ ನಿಂತ ಹೊತ್ತು. ಸಾಲು ಕರಗಿದ್ದು ಸುಗ್ಗಿ ಮುಗಿದದ್ದರಿಂದ. ತಂತ್ರಾಂಶ ಹಾಕದೆ ಹೋಗಿದ್ದರೂ ಮಾರ್ಚಿನಲ್ಲಿ ಹೊತ್ತು ಇಳಿಯುತ್ತಲೇ ಇತ್ತು. ಹಾಗಾದರೆ ಆ ಶೇ. 60ರಲ್ಲಿ ತಂತ್ರಾಂಶದ ಪಾಲು ಎಷ್ಟು? ಆ ಲೆಕ್ಕದಿಂದ ಅದು ತಿಳಿಯುವುದಿಲ್ಲ.

ಇದನ್ನು ಸರಿಪಡಿಸಲು ಎರಡು ಕೆಲಸ ಮಾಡಬೇಕು. ತಂತ್ರಾಂಶ ಕೈಯಿಟ್ಟ ಹಂತವನ್ನಷ್ಟೇ ಅಳೆಯಬೇಕು ಎಂಬುದು ಒಂದು. ನಮ್ಮ ಉದಾಹರಣೆಯಲ್ಲಿ ಅದು ಎರಡನೆಯ ತೂಕದಿಂದ ಬಿಲ್ಲು ಕೈಗೆ ಬರುವವರೆಗಿನ ಹೊತ್ತು. ತೇವಾಂಶ ನೋಡುವ ಹೊತ್ತಾಗಲಿ ಮೂಟೆ ಇಳಿಸುವ ಹೊತ್ತಾಗಲಿ ಅದಕ್ಕೆ ಸೇರಿದ್ದಲ್ಲ. ಹಮಾಲರು ಬೇಗ ಇಳಿಸಿದರೆ ಅದರ ಕೀರ್ತಿ ಹಮಾಲರದು. ಇನ್ನೊಂದು, ಸುಗ್ಗಿಯನ್ನು ಸುಗ್ಗಿಗೇ ಹೋಲಿಸಬೇಕು. ಅಂದರೆ ಮುಂದಿನ ಡಿಸೆಂಬರಿನವರೆಗೆ ಕಾಯಬೇಕು. ಕಾಯುವುದು ಯಾರಿಗೂ ಇಷ್ಟವಿಲ್ಲ. ಹೆಚ್ಚಿನ ಅಡಿಬರಹಗಳು ಕೆಡುವುದು ಈ ಅವಸರದಲ್ಲೇ.

ಹಾಗೆ ಕಾದು, ಎರಡು ಡಿಸೆಂಬರುಗಳಲ್ಲಿ ಒಂದೊಂದು ದಿನ ಏಳೇಳು ಗಾಡಿಗಳ ಹೊತ್ತನ್ನು ಬರೆದುಕೊಂಡಿರಿ ಎಂದಿಟ್ಟುಕೊಳ್ಳೋಣ. ಮೊದಲ ವರ್ಷ 19, 21, 23, 24, 26, 27, 28 ನಿಮಿಷ. ಎರಡನೆಯ ವರ್ಷ 8, 9, 10, 11, 12, 13 ಮತ್ತು 91 ನಿಮಿಷ. ಕೊನೆಯ ಗಾಡಿಯ ಸರದಿ ಬಂದಾಗ ಕರೆಂಟು ಹೋಯಿತು. ತಂತ್ರಾಂಶ ನಿಂತಿತು. ಗುಮಾಸ್ತರಿಗೆ ಹಳೆಯ ಬಿಲ್ಲು ಪುಸ್ತಕ ಎಲ್ಲಿದೆಯೆಂದು ನೆನಪಿರಲಿಲ್ಲ.

ಈಗ ಸರಾಸರಿ ತೆಗೆಯಿರಿ. ಮೊದಲ ವರ್ಷದ ಮೊತ್ತ 168, ಸರಾಸರಿ 24. ಎರಡನೆಯ ವರ್ಷದ ಮೊತ್ತ 154, ಸರಾಸರಿ 22. ಉಳಿತಾಯ ಎರಡೇ ನಿಮಿಷ! ಇದು ತಂತ್ರಾಂಶಕ್ಕೆ ಅನ್ಯಾಯವಾಯಿತಲ್ಲವೇ? ಏಳರಲ್ಲಿ ಆರು ಗಾಡಿಗಳಿಗೆ ಹೊತ್ತು ಅರ್ಧಕ್ಕೂ ಕಡಿಮೆಯಾಗಿದೆ. ಹತ್ತನೆಯ ತರಗತಿಯಲ್ಲಿ ನೀವು ಕಲಿತ ಮಧ್ಯಾಂಕ ಇಲ್ಲಿ ನೆರವಿಗೆ ಬರುತ್ತದೆ. ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಮೊದಲು 24, ಆಮೇಲೆ 11. ಒಂದು ಸಾಮಾನ್ಯ ಗಾಡಿಗೆ ಏನಾಯಿತು ಎಂಬುದನ್ನು ಮಧ್ಯಾಂಕ ಸರಿಯಾಗಿ ಹೇಳುತ್ತದೆ. ಆದರೆ 91 ನಿಮಿಷ ಕಾದ ಆ ರೈತನನ್ನು ಅದು ಮರೆಮಾಡುತ್ತದೆ. ಆದ್ದರಿಂದ ಮಧ್ಯಾಂಕವನ್ನು ಹೇಳಿ, ಕರೆಂಟು ಹೋದ ದಿನದ ಮಾತನ್ನೂ ಒಂದು ಸಾಲಿನಲ್ಲಿ ಸೇರಿಸಬೇಕು. ಹೀಗೆ ಸೇರಿಸಿದರೆ ಗ್ರಾಹಕರು ಓಡಿಹೋಗುತ್ತಾರೆಂಬ ಭಯ ಬೇಡ. ಹೆಚ್.ಡಿ.ಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಅಂಗಡಿ ಇಟ್ಟವರು ಮೊದಲು ಕೇಳುವುದೇ "ಕರೆಂಟು, ನೆಟ್‌ವರ್ಕು ಇಲ್ಲದಾಗ ಏನು ಮಾಡೋದು?" ಎಂಬ ಪ್ರಶ್ನೆಯನ್ನು. ಆ ಸಾಲು ಅವರಿಗೆ ನೇರ ಉತ್ತರ.

ಏಳು ಗಾಡಿ ಎಂಬುದು ಬಹಳ ಚಿಕ್ಕ ಲೆಕ್ಕ ಎಂಬುದು ನಿಮಗೂ ಹೊಳೆದಿರಬೇಕು. ನಿಜವಾದ ಕೆಲಸದಲ್ಲಿ ಸುಗ್ಗಿಯ ಒಂದು ವಾರ ಪೂರ್ತಿ ಬರೆದುಕೊಳ್ಳಬೇಕು. ಎಷ್ಟು ಗಾಡಿಗಳನ್ನು ಎಣಿಸಿದಿರಿ ಎಂಬುದನ್ನೂ ಅಡಿಬರಹದಲ್ಲಿ ಹೇಳಬೇಕು. ಇನ್ನೊಂದು ಸಣ್ಣ ಮಾತು. "ಶೇ. 54 ಉಳಿತಾಯ" ಎನ್ನುವುದಕ್ಕಿಂತ "24 ನಿಮಿಷ ಇದ್ದದ್ದು 11 ನಿಮಿಷ ಆಯಿತು" ಎನ್ನುವುದು ಮೇಲು. ಶೇಕಡದಲ್ಲಿ ಮೂಲ ಅಂಕಿ ಕಾಣೆಯಾಗುತ್ತದೆ. ಎರಡು ನಿಮಿಷ ಇದ್ದದ್ದು ಒಂದಾದರೂ ಅದು ಶೇ. 50ರ ಉಳಿತಾಯವೇ ತಾನೇ?

ಬೆಲೆ ತಂದ ಮೋಸ

ಹುಣಸೂರು, ಪಿರಿಯಾಪಟ್ಟಣದ ಕಡೆ ಶುಂಠಿ ವ್ಯಾಪಾರ ಇದೆ. ಅಲ್ಲಿನ ಅಡಿಬರಹಗಳಲ್ಲಿ ಇನ್ನೊಂದು ಬಗೆಯ ತಪ್ಪು ನುಸುಳಬಹುದು. 2023ರಲ್ಲಿ ಶುಂಠಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಬಳಿಕ ಇಳಿಯಿತು. 2023ರ ಆರಂಭದಲ್ಲಿ ಒಬ್ಬ ಶುಂಠಿ ವ್ಯಾಪಾರಿ ತಂತ್ರಾಂಶ ಹಾಕಿಸಿಕೊಂಡಿದ್ದರೆ, ವರ್ಷದ ಕೊನೆಗೆ ಅವರ ವಹಿವಾಟಿನ ಮೊತ್ತ ಹಿಂದಿನ ವರ್ಷದ ಹಲವು ಪಟ್ಟು ಆಗಿರುವುದು ಸಹಜ. "ನಮ್ಮ ತಂತ್ರಾಂಶದೊಂದಿಗೆ ವಹಿವಾಟು ಇಮ್ಮಡಿ" ಎಂದು ಬರೆದರೆ ಅದರಲ್ಲಿ ಸುಳ್ಳಿಲ್ಲ, ನಿಜವೂ ಇಲ್ಲ. ರೂಪಾಯಿಯ ಬದಲು ಮೂಟೆಯ ಲೆಕ್ಕ ತೆಗೆದರೆ ವ್ಯಾಪಾರ ಕಡಿಮೆಯಾಗಿರಲೂಬಹುದು. ಹೊಗೆಸೊಪ್ಪಿನ ಕಥೆಯೂ ಹೀಗೆಯೇ. ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಬೀಳುವ ದರಕ್ಕೂ ಬ್ರೆಜಿಲ್, ಜಿಂಬಾಬ್ವೆಗಳಲ್ಲಿ ಆ ವರ್ಷ ಬಂದ ಬೆಳೆಗೂ ನಂಟಿದೆ. ಬೆಲೆಯ ಏರಿಳಿತಕ್ಕೆ ಸಿಕ್ಕುವ ಯಾವ ಅಂಕಿಯನ್ನೂ ತಂತ್ರಾಂಶದ ಹೆಸರಿಗೆ ಬರೆಯಬಾರದು. ಬಾಕಿ ವಸೂಲಿಗೆ ಎಷ್ಟು ದಿನ ಹಿಡಿಯಿತು, ನೂರು ಬಿಲ್ಲಿನಲ್ಲಿ ಎಷ್ಟನ್ನು ತಿದ್ದಬೇಕಾಯಿತು, ದಿನದ ಲೆಕ್ಕ ಮುಗಿಸಲು ಎಷ್ಟು ಹೊತ್ತಾಯಿತು ಎಂಬಂತಹವು ಸುರಕ್ಷಿತ ಅಳತೆಗಳು.

ಒಪ್ಪಿಗೆ ಎಂದರೆ ಯಾವುದಕ್ಕೆ?

ಅಂಕಿ ಸಿದ್ಧವಾಯಿತು. ಈಗ ಗಿರಣಿಯ ಯಜಮಾನರ ಮುಂದೆ ಹೋಗಿ ನಿಲ್ಲಬೇಕು. "ಸಾರ್, ನಿಮ್ಮ ಗಿರಣಿ ಬಗ್ಗೆ ನಾಲ್ಕು ಸಾಲು ಹಾಕಿಕೊಳ್ಳಬಹುದಾ?" ಎಂದು ಕೇಳಿದರೆ, ಕಾಫಿ ಕುಡಿಸಿ "ಹಾಕ್ಕೊಳಪ್ಪ, ಅದಕ್ಕೇನಂತೆ" ಎಂದೇ ಅನ್ನುತ್ತಾರೆ. ಇದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಅವರು ಒಪ್ಪಿದ್ದು ನಿಮ್ಮ ಮುಖ ನೋಡಿ. ನೀವು ಬರೆಯುವ ಸಾಲುಗಳನ್ನು ಅವರು ಇನ್ನೂ ನೋಡಿಲ್ಲ.

ಪ್ರಕಟವಾಗುವ ಪಠ್ಯವನ್ನು ಅಕ್ಷರಶಃ ಹಾಗೆಯೇ, ಚಿತ್ರದ ಸಮೇತ, ಅವರಿಗೆ ಕಳುಹಿಸಬೇಕು. ಗಿರಣಿಯ ಹೆಸರು ಹಾಕುತ್ತೇವೆಯೇ, ಅವರ ಗುರುತುಚಿಹ್ನೆ ಬಳಸುತ್ತೇವೆಯೇ, ಅವರ ಭಾವಚಿತ್ರ ಇದೆಯೇ, ಲಿಂಕ್ಡ್‌ಇನ್‌ನಲ್ಲಿ ಮಾತ್ರವೇ ಅಥವಾ ನಮ್ಮ ಕರಪತ್ರದಲ್ಲೂ ಹಾಕುತ್ತೇವೆಯೇ ಎಂಬುದನ್ನು ಬಿಡಿಸಿ ಹೇಳಬೇಕು. ಉತ್ತರ ಬರಹದಲ್ಲಿರಬೇಕು. ಇ-ಮೇಲ್ ಆದರೆ ಒಳ್ಳೆಯದು. ವಾಟ್ಸಾಪಿನಲ್ಲಿ "ಒಪ್ಪಿಗೆ ಇದೆ" ಎಂದು ಬಂದರೂ ಸಾಕು, ಆದರೆ ಅದು ಯಾವ ಪಠ್ಯಕ್ಕೆ ಬಂದ ಉತ್ತರ ಎಂಬುದು ಅದರ ಮೇಲೆಯೇ ಕಾಣುವಂತಿರಬೇಕು. ಉತ್ತರ ಕೊಡುವವರು ಯಜಮಾನರು ಅಥವಾ ಪಾಲುದಾರರು ಆಗಿರಬೇಕು. ದಿನವೂ ನಿಮ್ಮೊಡನೆ ಮಾತನಾಡುವ ಗುಮಾಸ್ತರು ಎಷ್ಟೇ ಆತ್ಮೀಯರಾದರೂ ಗಿರಣಿಯ ಪರವಾಗಿ ಒಪ್ಪುವ ಅಧಿಕಾರ ಅವರದಲ್ಲ. ಒಪ್ಪಿಗೆ ಬಂದ ಮೇಲೆ ಒಂದು ಪದ ಬದಲಾದರೂ ಮತ್ತೊಮ್ಮೆ ಕಳುಹಿಸಬೇಕು. "ಬೆಲೆ" ಹೋಗಿ "ಆದಾಯ" ಆದದ್ದನ್ನು ಆಗಲೇ ನೋಡಿದೆವಲ್ಲ!

ಪಠ್ಯವನ್ನು ಓದಿದ ಮೇಲೆ ಯಜಮಾನರ ಮಾತು ಬದಲಾಗುವುದುಂಟು. "ಹೆಸರು ಹಾಕಪ್ಪ, ಪರವಾಗಿಲ್ಲ. ದಿನಕ್ಕೆ ಇಷ್ಟು ಗಾಡಿ ಭತ್ತ ಬರುತ್ತೆ ಅಂತ ಮಾತ್ರ ಹಾಕಬೇಡ" ಎನ್ನಬಹುದು. ಅದು ಅವರ ವ್ಯಾಪಾರದ ಗುಟ್ಟು. ಪಕ್ಕದ ಗಿರಣಿಯವರೂ ಅದನ್ನು ಓದುತ್ತಾರೆ. ಆ ಅಂಕಿ ಇಲ್ಲದೆಯೂ ನಮ್ಮ ಹೇಳಿಕೆ ನಿಲ್ಲುವಂತಿದ್ದರೆ ತೆಗೆದುಬಿಡಬೇಕು. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ. "ಹನ್ನೊಂದು ಏಕೆ, ಐದು ನಿಮಿಷ ಅಂತ ಹಾಕು, ಚೆನ್ನಾಗಿರುತ್ತೆ" ಎಂದು ಅವರೇ ಧಾರಾಳತನ ತೋರಬಹುದು. ಇಲ್ಲಿ ನೀವು ನಯವಾಗಿ ಒಪ್ಪದಿರಬೇಕು. ಯಾವುದನ್ನು ಹೇಳಬಾರದು ಎಂಬುದನ್ನು ತೀರ್ಮಾನಿಸುವ ಹಕ್ಕು ಗ್ರಾಹಕರಿಗಿದೆ. ಅಳೆದದ್ದನ್ನು ಬದಲಿಸುವ ಹಕ್ಕು ಅವರಿಗೂ ಇಲ್ಲ, ನಿಮಗೂ ಇಲ್ಲ. ಗ್ರಾಹಕರ ಸಂರಕ್ಷಣೆಗಾಗಿ 2019ರ ಕಾನೂನಿನಡಿ 2022ರ ಜೂನ್‌ನಲ್ಲಿ ಹೊರಟ ಮಾರ್ಗಸೂಚಿಗಳು, ಜಾಹೀರಾತಿನ ಹೇಳಿಕೆಗೆ ಆಧಾರವಿರಬೇಕು ಎನ್ನುತ್ತವೆ. ಗ್ರಾಹಕರು ಒಪ್ಪಿದ್ದಾರೆ ಎಂಬುದು ಆಧಾರವಾಗುವುದಿಲ್ಲ. ಇದೇ ಮಾರ್ಗಸೂಚಿಗಳಲ್ಲಿ ಇನ್ನೊಂದು ನಿಯಮ ಇದೆ. ಹೊಗಳುವವರಿಗೂ ಹೊಗಳಿಸಿಕೊಳ್ಳುವವರಿಗೂ ನಡುವೆ ವ್ಯವಹಾರದ ನಂಟಿದ್ದರೆ ಅದನ್ನು ತಿಳಿಸಬೇಕು. ಈ ಬರಹಕ್ಕೆ ಪ್ರತಿಯಾಗಿ ಗಿರಣಿಗೆ ಒಂದು ವರ್ಷದ ತಂತ್ರಾಂಶದ ಶುಲ್ಕ ಬಿಟ್ಟಿದ್ದರೆ, ಆ ಮಾತು ಅಡಿಬರಹದಲ್ಲಿ ಇರಲೇಬೇಕು.

ಗಿರಣಿಯ ಒಪ್ಪಿಗೆ ಮುಟ್ಟದ ಒಂದು ಜಾಗವಿದೆ. ಬಹಳ ಮಂದಿ ಎಡವುವುದು ಅಲ್ಲಿ. ಅಡಿಬರಹದ ಜೊತೆ ತಂತ್ರಾಂಶದ ಪರದೆಯ ಚಿತ್ರ ಹಾಕುವುದು ವಾಡಿಕೆ. ಆ ಪರದೆಯಲ್ಲಿ ಭತ್ತ ತಂದ ರೈತರ ಹೆಸರು, ಊರು, ಮೊಬೈಲ್ ಸಂಖ್ಯೆ, ಅವರಿಗೆ ಕೊಡಬೇಕಾದ ಬಾಕಿ ಎಲ್ಲವೂ ಸಾಲಾಗಿ ಇರುತ್ತವೆ. ಆ ಮಾಹಿತಿ ರೈತರದು. ಯಜಮಾನರು "ಹಾಕ್ಕೊಳಪ್ಪ" ಎಂದದ್ದು ಅವರ ಪರವಾಗಿ ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ಇಂತಹ ಮಾಹಿತಿಗೆ ಆಯಾ ವ್ಯಕ್ತಿಯ ಸ್ಪಷ್ಟವಾದ, ನಿರ್ದಿಷ್ಟ ಉದ್ದೇಶದ ಒಪ್ಪಿಗೆಯನ್ನು ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಕಾನೂನಿನ ಮಾತು ಹಾಗಿರಲಿ, ಯಾವ ಊರಿನ ಯಾರಿಗೆ ಎಷ್ಟು ಬಾಕಿ ಬರಬೇಕು ಎಂಬುದು ಲಿಂಕ್ಡ್‌ಇನ್‌ನಲ್ಲಿ ಏಕೆ ಬೇಕು? ಸುಳ್ಳು ಹೆಸರುಗಳನ್ನು ತುಂಬಿದ ಮಾದರಿ ಪರದೆಯೊಂದನ್ನು ಮಾಡಿ, "ಮಾದರಿ ಮಾಹಿತಿ" ಎಂದು ಅದರ ಮೇಲೆ ಬರೆದು ಹಾಕಿದರೆ ಸಮಸ್ಯೆ ಮುಗಿಯಿತು. ನಿಜವಾದ ಚಿತ್ರದ ಮೇಲೆ ಮಸುಕು ಬಳಿಯುವುದಕ್ಕಿಂತ ಇದು ಮೇಲು. ಮಸುಕಿನ ಹಿಂದೆ ಅಕ್ಷರ ಇಣುಕುವುದುಂಟು.

ಹೆಸರು ಬೇಡವೆಂದ ಗ್ರಾಹಕರ ವಿಷಯದಲ್ಲೂ ಎಚ್ಚರ ಬೇಕು. ಬೆಂಗಳೂರಿನಲ್ಲಿ "ಒಂದು ಕಿರಾಣಿ ಅಂಗಡಿ" ಎಂದರೆ ಯಾರಿಗೂ ಗುರುತು ಸಿಗದು. ಚಿಕ್ಕ ಊರಿನಲ್ಲಿ "ಹೊಳೆಯ ಆಚೆಯ, ಎರಡು ವೇಬ್ರಿಡ್ಜ್ ಇರುವ ಗಿರಣಿ" ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೂ ಹೆಸರು ಹೇಳಿಬಿಡುತ್ತಾರೆ. ಅಂತಹ ಕಡೆ "ಮೈಸೂರು ಜಿಲ್ಲೆಯ ಒಂದು ಅಕ್ಕಿ ಗಿರಣಿ" ಎಂದಷ್ಟೇ ಬರೆದು, ಗುರುತು ಹಿಡಿಯುವ ವಿವರಗಳನ್ನೆಲ್ಲ ಬಿಡಬೇಕು.

ಇಷ್ಟೆಲ್ಲ ಆದ ಮೇಲೆ ಅಡಿಬರಹ ಹೀಗೆ ಬರಬಹುದು:

"ಎರಡನೆಯ ತೂಕವಾದ ಮೇಲೆ ಬಿಲ್ಲಿಗಾಗಿ ರೈತರು ಕಾಯುತ್ತಿದ್ದ ಹೊತ್ತು 24 ನಿಮಿಷದಿಂದ 11 ನಿಮಿಷಕ್ಕೆ ಇಳಿದಿದೆ. ಕೆ.ಆರ್.ನಗರದ ಅಕ್ಕಿ ಗಿರಣಿಯೊಂದರ ವೇಬ್ರಿಡ್ಜನ್ನು ನಮ್ಮ ತಂತ್ರಾಂಶಕ್ಕೆ ಜೋಡಿಸಿದ ಫಲ ಇದು. ಎರಡು ವರ್ಷಗಳ ಡಿಸೆಂಬರ್ ಸುಗ್ಗಿಯಲ್ಲಿ ಒಂದೊಂದು ದಿನ ಏಳೇಳು ಗಾಡಿಗಳನ್ನು ಗಮನಿಸಿ ತೆಗೆದ ಮಧ್ಯಾಂಕ. ಸಾಲಿನಲ್ಲಿ ನಿಲ್ಲುವ ಹೊತ್ತು ಇದರಲ್ಲಿ ಸೇರಿಲ್ಲ. ಕರೆಂಟು ಹೋದಾಗ ಒಂದು ಗಾಡಿ 91 ನಿಮಿಷ ಕಾಯಬೇಕಾಯಿತು. ಆ ಬಳಿಕ ಕೈಬಿಲ್ಲಿನ ಪುಸ್ತಕವನ್ನು ವೇಬ್ರಿಡ್ಜ್ ಕೋಣೆಯಲ್ಲೇ ಇಡಲಾಗಿದೆ. ಗಿರಣಿಯ ಯಜಮಾನರು ಈ ಬರಹವನ್ನು ಓದಿ ಒಪ್ಪಿದ್ದಾರೆ. ಚಿತ್ರದಲ್ಲಿರುವುದು ಮಾದರಿ ಮಾಹಿತಿ."

ಮೊದಲ ಸಾಲಿನಲ್ಲಿ ಅಂಕಿ ಇದೆ, ಆದರೆ ಯಾವ ಹೊತ್ತು ಎಂಬುದೂ ಅದೇ ಸಾಲಿನಲ್ಲಿದೆ. ಉಳಿದದ್ದನ್ನು ಒತ್ತಿ ತೆರೆಯದೆ ಮುಂದೆ ಹೋಗುವವನಿಗೂ ಇದರಿಂದ ತಪ್ಪು ತಿಳಿವಳಿಕೆ ಆಗುವುದಿಲ್ಲ. ಮಿತಿಯ ಮಾತುಗಳನ್ನೆಲ್ಲ ಕೆಳಗೆ ತಳ್ಳಿ ಮೇಲೆ "ಶೇ. 60" ಎಂದಷ್ಟೇ ಬರೆದಿದ್ದರೆ, ಹೆಚ್ಚಿನವರು ಓದುತ್ತಿದ್ದುದು ಅದನ್ನೇ.

ಪ್ರಕಟಿಸಿದ ಮೇಲೆ ಅದರ ಒಂದು ಪ್ರತಿ, ಒಪ್ಪಿಗೆಯ ಪತ್ರ, ಗಾಡಿಗಳ ಹೊತ್ತು ಬರೆದ ಹಾಳೆ ಈ ಮೂರನ್ನು ದಿನಾಂಕದೊಂದಿಗೆ ಒಂದೇ ಕಡೆ ಇಡಿ. ವರ್ಷದ ಮೇಲೆ ಯಾರಾದರೂ "11 ನಿಮಿಷ ಎಲ್ಲಿಂದ ಬಂತು?" ಎಂದು ಕೇಳಿದರೆ ಹಾಳೆ ತೋರಿಸಬಹುದು. ಗಿರಣಿ ಕೈಬದಲಾಯಿತು, ಅಥವಾ ಅವರು ಬೇರೆ ತಂತ್ರಾಂಶಕ್ಕೆ ಹೋದರು ಎನ್ನಿ. ಆಗ "ನಮ್ಮ ಗ್ರಾಹಕರು" ಎಂಬ ಮಾತು ನಿಲ್ಲುವುದಿಲ್ಲ. ಬರಹವನ್ನು ತೆಗೆಯಬೇಕು, ಇಲ್ಲವೇ ಯಾವ ವರ್ಷದ ಮಾತು ಇದು ಎಂದು ಸೇರಿಸಿ ತಿದ್ದಬೇಕು. ತಿದ್ದಿದ ಪಠ್ಯವನ್ನು ಯಜಮಾನರಿಗೆ ಮತ್ತೆ ಕಳುಹಿಸಬೇಕಾಗುತ್ತದೆ, ಈ ಬಾರಿ ಹೊಸಬರಿಗೆ.